ಓಟಗಾರರ ಕಾಲುನೋವು: ಫೋಮ್ ರೋಲರ್, ಮಸಾಜ್ ಗನ್ ನಿಜಕ್ಕೂ ಮಾಡುವುದೇನು?

ಇಳಿಜಾರು ದಾರಿಯಲ್ಲಿ ಉದ್ದದ ಓಟ ಮುಗಿಸಿದ ಮರುದಿನ ಮೆಟ್ಟಿಲು ಇಳಿಯುವುದೇ ದೊಡ್ಡ ಪಾಡು. ಹತ್ತುವಾಗ ಅಷ್ಟೇನೂ ತೊಂದರೆಯಿಲ್ಲ, ಇಳಿಯುವಾಗ ಮಾತ್ರ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ. ಆಗ ನೆಲದ ಮೇಲೆ ಫೋಮ್ ರೋಲರ್ ಇಟ್ಟು, ಅದರ ಮೇಲೆ ತೊಡೆಯೂರಿ ಮೂರ್ನಾಲ್ಕು ನಿಮಿಷ ಉರುಳಿದರೆ ನೋವು ಕಡಿಮೆಯಾಗುತ್ತದೆ. ಮಸಾಜ್ ಗನ್ ಹಿಡಿದರೂ ಹಾಗೆಯೇ. ಹಾಗೆ ಹಗುರಾಗುವುದು ಸುಳ್ಳಲ್ಲ, ಬರಿಯ ಭ್ರಮೆಯೂ ಅಲ್ಲ. ಆದರೆ ಯಾಕೆ ಹಗುರಾಯಿತು ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ತಪ್ಪು. ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಯಿತು, ಸ್ನಾಯುವಿನ ಗಂಟು ಒಡೆಯಿತು, ಒಳಗಿನ ಪೊರೆ ಸಡಿಲವಾಯಿತು ಎನ್ನುತ್ತಾರೆ. ಅಸಲಿಗೆ ಬದಲಾಗುವುದು ನೋವನ್ನು ಗ್ರಹಿಸುವ ನರಮಂಡಲ. ಸ್ನಾಯುವಿಗಾದ ಗಾಯ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ರೋಲರ್ ಯಾವಾಗ ಉಪಯೋಗಕ್ಕೆ ಬರುತ್ತದೆ, ಯಾವಾಗ ನಮ್ಮನ್ನು ದಾರಿ ತಪ್ಪಿಸುತ್ತದೆ ಎರಡೂ ಗೊತ್ತಾಗುತ್ತವೆ.

ಮೊದಲು ನೋವಿನ ಬಗ್ಗೆ

ಓಡಿದ ಅಂದೇ ಕಾಣಿಸದೆ, ಮರುದಿನ ಶುರುವಾಗಿ, ಎರಡನೇ ಮೂರನೇ ದಿನ ಜೋರಾಗಿ, ಐದಾರು ದಿನದೊಳಗೆ ತಾನಾಗಿ ಹೋಗುವ ನೋವು ಇದು. ಒಂದೇ ಜಾಗದಲ್ಲಿ ಚುಚ್ಚುವುದಿಲ್ಲ. ಇಡೀ ಸ್ನಾಯು ಮಂದವಾಗಿ ನೋಯುತ್ತದೆ, ಒತ್ತಿದರೆ ಹೆಚ್ಚುತ್ತದೆ, ಸುಮ್ಮನೆ ಕೂತಾಗ ಅಷ್ಟಾಗಿ ಗೊತ್ತಾಗುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ಸ್ನಾಯು ಉದ್ದವಾಗುತ್ತಲೇ ಬಲ ಹಾಕಬೇಕಾಗುವ ಕೆಲಸ. ಇಳಿಜಾರಿನಲ್ಲಿ ಪಾದ ನೆಲಕ್ಕೆ ತಾಗಿದಾಗೆಲ್ಲ ಮೊಣಕಾಲು ಮಡಚಿಕೊಳ್ಳುತ್ತದೆ. ದೇಹ ಕುಸಿಯದಂತೆ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕಬೇಕು, ಅದೂ ಎಳೆಸಿಕೊಳ್ಳುತ್ತಲೇ. ಸಾವಿರಾರು ಹೆಜ್ಜೆ ಹೀಗೆ ಬಿದ್ದಾಗ ಸ್ನಾಯುವಿನ ಅತಿ ಚಿಕ್ಕ ಘಟಕಗಳಲ್ಲಿ ಕೆಲವು ತಮ್ಮ ಜೋಡಣೆ ಕಳೆದುಕೊಳ್ಳುತ್ತವೆ. ಮುಂದಿನ ಗಂಟೆಗಳಲ್ಲಿ ದೇಹ ದುರಸ್ತಿಗೆ ತೊಡಗುತ್ತದೆ, ಅದರ ಭಾಗವಾಗಿ ಉರಿಯೂತ ಬರುತ್ತದೆ. ಆಗ ಬಿಡುಗಡೆಯಾಗುವ ರಾಸಾಯನಿಕಗಳು ಸ್ನಾಯುವಿನಲ್ಲಿ, ಅದರ ಸುತ್ತಲಿನ ಪೊರೆಯಲ್ಲಿ ಇರುವ ನೋವಿನ ನರತುದಿಗಳನ್ನು ಅತಿ ಸೂಕ್ಷ್ಮವಾಗಿಸುತ್ತವೆ. ನಿನ್ನೆಯವರೆಗೆ ಬರೀ ಒತ್ತಡ ಎನಿಸಿದ್ದು ಇವತ್ತು ನೋವು ಎನಿಸುತ್ತದೆ. ಮೆಟ್ಟಿಲು ಇಳಿಯುವಾಗ ಹೆಚ್ಚು ನೋಯುವುದೂ ಇದಕ್ಕೇ. ನಿನ್ನೆ ಗಾಯ ಮಾಡಿದ ಕೆಲಸವನ್ನೇ ಸ್ನಾಯು ಮತ್ತೆ ಮಾಡುತ್ತಿರುತ್ತದೆ.

ಲ್ಯಾಕ್ಟಿಕ್ ಆಸಿಡ್ ಇಲ್ಲಿ ಎಲ್ಲೂ ಬರುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಸರಳ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ 45 ನಿಮಿಷ ಓಡಿಸಿದರು, ಒಮ್ಮೆ ಸಮತಟ್ಟಾಗಿ, ಒಮ್ಮೆ ಶೇ. 10ರ ಇಳಿಜಾರಿನಲ್ಲಿ. ಸಮತಟ್ಟಿನ ಓಟದಲ್ಲಿ ರಕ್ತದ ಲ್ಯಾಕ್ಟಿಕ್ ಆಸಿಡ್ ಏರಿತು, ಆಮೇಲೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಅದು ಏರಲೇ ಇಲ್ಲ, ಆದರೆ ಮುಂದಿನ ದಿನಗಳಲ್ಲಿ ನೋವು ಚೆನ್ನಾಗಿಯೇ ಬಂತು. ಜೋರಾಗಿ ಓಡಿ ಲ್ಯಾಕ್ಟಿಕ್ ಆಸಿಡ್ ಏರಿದ್ದರೂ ಅದು ಒಂದು ಗಂಟೆಯ ಆಸುಪಾಸಿನಲ್ಲಿ ಎಂದಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನ ರೋಲರ್ ಹಿಡಿಯುವ ಹೊತ್ತಿಗೆ ಹೊರಗೆ ತಳ್ಳಲು ಏನೂ ಉಳಿದಿರುವುದಿಲ್ಲ.

ಒತ್ತಿ ಉಜ್ಜಿದರೆ ಒಳಗೆ ಏನು ಸಡಿಲಾಗುತ್ತದೆ?

ಸ್ನಾಯುಗಳನ್ನು ಸುತ್ತುವರಿದ ಬಿಳಿ ಪೊರೆಗೆ ಫ್ಯಾಸಿಯಾ ಎನ್ನುತ್ತಾರೆ. ರೋಲರ್ ಅದನ್ನು ಸಡಿಲಿಸುತ್ತದೆ, ಅಂಟಿಕೊಂಡ ಪದರಗಳನ್ನು ಬಿಡಿಸುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಎಷ್ಟು ಚಾಲ್ತಿಯಲ್ಲಿದೆಯೆಂದರೆ ಅದನ್ನು ಪ್ರಶ್ನಿಸುವವರೇ ಕಡಿಮೆ. ತೊಡೆಯ ಹೊರಮಗ್ಗುಲಿನ ಫ್ಯಾಸಿಯಾ ದೇಹದಲ್ಲೇ ಅತಿ ಗಟ್ಟಿಯಾದವುಗಳಲ್ಲಿ ಒಂದು. ಅದನ್ನು ಕೇವಲ ಶೇ. 1ರಷ್ಟು ಅದುಮಿ, ಶೇ. 1ರಷ್ಟು ಪಕ್ಕಕ್ಕೆ ಸರಿಸಲು ಎಷ್ಟು ಬಲ ಬೇಕೆಂದು 2008ರಲ್ಲಿ ಒಂದು ಗಣಿತ ಮಾದರಿ ಕಟ್ಟಿ ಲೆಕ್ಕ ಹಾಕಿದರು. ಅದುಮಲು ಸುಮಾರು 925 ಕಿಲೋ ತೂಕದಷ್ಟು ಬಲ ಬೇಕು ಎಂದು ಬಂತು. ಇಡೀ ಮೈ ಭಾರವನ್ನು ಒಂದು ತೊಡೆಯ ಮೇಲೆ ಹಾಕಿ ಉರುಳಿದರೂ ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅಷ್ಟು ಸುಲಭವಾಗಿ ರೂಪ ಬದಲಿಸುವ ಪೊರೆಯಾಗಿದ್ದರೆ ಕುರ್ಚಿಯಲ್ಲಿ ಕೂತು ಏಳುವಷ್ಟರಲ್ಲೇ ತೊಡೆಯ ಆಕಾರ ಕೆಟ್ಟುಹೋಗುತ್ತಿತ್ತು.

ಮೊಣಕಾಲಿನ ಹೊರಬದಿ ನೋಯುವ ಓಟಗಾರರು ಸೊಂಟದಿಂದ ಮೊಣಕಾಲಿನವರೆಗೆ ಇಳಿಯುವ ಐಟಿ ಬ್ಯಾಂಡ್ ಎಂಬ ಪಟ್ಟಿಯ ಮೇಲೆ ಹಲ್ಲು ಕಚ್ಚಿ ಉರುಳುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಪಟ್ಟಿ ತೊಡೆಮೂಳೆಗೆ ಉದ್ದಕ್ಕೂ ಅಂಟಿಕೊಂಡಿರುತ್ತದೆ, ಅದನ್ನು ಹಿಗ್ಗಿಸಲಾಗದು. ಆ ಹೊತ್ತನ್ನು ಪಟ್ಟಿಯನ್ನು ಎಳೆದು ಹಿಡಿದಿರುವ ಸ್ನಾಯುಗಳಿಗೆ, ಅಂದರೆ ಪೃಷ್ಠಕ್ಕೂ ಸೊಂಟದ ಮುಂಬದಿಯ ಪಕ್ಕಕ್ಕೂ ಕೊಡುವುದು ಲೇಸು.

ಇನ್ನು ಗಂಟು. ಬೆರಳಿಗೆ ಸಿಗುವ ಗಟ್ಟಿ ಜಾಗಗಳಿರುತ್ತವೆ, ಒತ್ತಿದರೆ ಜೀವ ಹೋಗುತ್ತದೆ, ಇದು ಎಲ್ಲರ ಅನುಭವ. ಆದರೆ ರೋಲರ್ ಅವನ್ನು ಒಡೆದು ಪುಡಿ ಮಾಡುತ್ತದೆ ಎನ್ನಲು ಆಧಾರವಿಲ್ಲ. ಅಲ್ಲಿನ ನೋವು ಕಡಿಮೆಯಾಗುತ್ತದೆ ಎಂದಷ್ಟೇ ಹೇಳಬಹುದು.

ಉರುಳಿಸದ ಕಾಲಿನಲ್ಲೂ ನೋವು ಇಳಿಯುತ್ತದೆ

ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವ ಸಂಗತಿ ಇದು. 2015ರ ಒಂದು ಅಧ್ಯಯನದಲ್ಲಿ, ಒತ್ತಿದರೆ ನೋಯುವ ಜಾಗ ಮೀನಖಂಡದಲ್ಲಿ ಇದ್ದವರನ್ನು ಆರಿಸಿದರು. ಎಷ್ಟು ಒತ್ತಿದರೆ ನೋವು ಶುರುವಾಗುತ್ತದೆ ಎಂದು ಉಪಕರಣದಿಂದ ಅಳೆದರು. ಕೆಲವರಿಗೆ ಆ ಕಾಲಿನ ಮೇಲೇ ರೋಲರ್ ಆಡಿಸಿದರು, ಕೆಲವರಿಗೆ ಇನ್ನೊಂದು ಕಾಲಿನ ಮೇಲೆ. ಎರಡೂ ಗುಂಪಿನಲ್ಲಿ ಮೊದಲ ಕಾಲಿನ ಸಹಿಷ್ಣುತೆ ಹೆಚ್ಚಿತು. ರೋಲರ್ ಮುಟ್ಟದ ಸ್ನಾಯುವಿನಲ್ಲಿ ಗಂಟು ಒಡೆದಿರಲು, ಪೊರೆ ಸಡಿಲಾಗಿರಲು ಸಾಧ್ಯವೇ ಇಲ್ಲ. ಬದಲಾವಣೆ ಆಗಿದ್ದು ಎರಡೂ ಕಾಲುಗಳ ಸುದ್ದಿ ಬಂದು ಸೇರುವ ಬೆನ್ನುಹುರಿ ಮತ್ತು ಮಿದುಳಿನಲ್ಲಿ.

ಅಲ್ಲಿ ಏನಾಗುತ್ತದೆ? ಚರ್ಮ ಮತ್ತು ಸ್ನಾಯುವಿನಿಂದ ಒತ್ತಡದ, ಸ್ಪರ್ಶದ ಸಂದೇಶಗಳು ಧಾರಾಳವಾಗಿ ಬೆನ್ನುಹುರಿಗೆ ಬಂದಾಗ ಅದೇ ಜಾಗದಿಂದ ಬರುವ ನೋವಿನ ಸಂದೇಶ ಮೇಲಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮಂಡಿಗೆ ಪೆಟ್ಟು ಬಿದ್ದಾಗ ನಾವು ಯೋಚಿಸದೆ ಕೈಯಿಂದ ಉಜ್ಜಿಕೊಳ್ಳುವುದು ಇದನ್ನೇ ನೆಚ್ಚಿಕೊಂಡು. ಇನ್ನೊಂದು ದಾರಿಯೂ ಇದೆ. ಒಂದು ಕಡೆ ಸಹಿಸಬಹುದಾದಷ್ಟು ನೋವು ಕೊಟ್ಟರೆ ಮಿದುಳು ಇಡೀ ದೇಹದ ನೋವಿನ ಅಬ್ಬರವನ್ನೇ ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಮಸಾಜ್ ಗನ್ ವೇಗದ ಕಂಪನವನ್ನೂ ಸೇರಿಸಿ ಮೊದಲನೆಯ ದಾರಿಯನ್ನು ಇನ್ನಷ್ಟು ಬಳಸಿಕೊಳ್ಳುತ್ತದೆ.

ಉರುಳಿಸಿದ ಮೇಲೆ ಕಾಲು ಹೆಚ್ಚು ಬಾಗುತ್ತದೆ ಎಂಬುದಕ್ಕೂ ಬಹುಪಾಲು ಇದೇ ವಿವರಣೆ. ಸ್ನಾಯು ಉದ್ದವಾಗಿರುವುದಿಲ್ಲ, ಎಳೆತವನ್ನು ನಾವು ತುಸು ಹೆಚ್ಚು ಸಹಿಸುತ್ತೇವೆ. ಅದು ಉಳಿಯುವುದೂ ನಿಮಿಷಗಳ ಲೆಕ್ಕದಲ್ಲಿ.

ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ

ಭಾನುವಾರ ಇಳಿಜಾರಿನಲ್ಲಿ ಓಡಿದ್ದೀರಿ, ಇವತ್ತು ಮಂಗಳವಾರ, ಎರಡೂ ತೊಡೆ ಸಮನಾಗಿ ನೋಯುತ್ತಿವೆ ಎಂದಿಟ್ಟುಕೊಳ್ಳಿ. ಒಂದು ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಎಡಗಾಲನ್ನು ಮೂರು ಸೆಕೆಂಡು ತೆಗೆದುಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿಸಿ. ಬಲ ತೊಡೆಯ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಕಾಲು ಬದಲಿಸಿ ಮತ್ತೆ ಮಾಡಿ. ಎರಡಕ್ಕೂ 6 ಬಂತು ಎನ್ನೋಣ.

ಈಗ ಬಲ ತೊಡೆಗೆ ಮಾತ್ರ ರೋಲರ್. ಮುಂಗೈಗಳ ಮೇಲೆ ಭಾರ ಊರಿ ಬೋರಲು ಮಲಗಿ, ರೋಲರನ್ನು ತೊಡೆಯ ಮೇಲ್ತುದಿಗೆ ಇಟ್ಟು ಮಂಡಿಚಿಪ್ಪಿಗಿಂತ ನಾಲ್ಕು ಬೆರಳು ಮೇಲಿನವರೆಗೆ ನಿಧಾನ ಉರುಳಿ. ಒಮ್ಮೆ ಹೋಗಿಬರಲು ನಾಲ್ಕೈದು ಸೆಕೆಂಡು ಇರಲಿ. 90 ಸೆಕೆಂಡು ಉರುಳಿ, ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ 90 ಸೆಕೆಂಡು. ಮತ್ತೆ ಮೆಟ್ಟಿಲು ಇಳಿದು ಅಂಕ ಕೊಡಿ. ಬಲಗಾಲಿಗೆ 4, ಎಡಗಾಲಿಗೆ 5 ಎಂಬಂಥ ಫಲ ಬಂದರೆ ಆಶ್ಚರ್ಯವಿಲ್ಲ. ಮುಟ್ಟದ ಎಡಗಾಲೂ ಇಳಿದಿದೆ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಎರಡೂ ಮತ್ತೆ 6ರ ಕಡೆಗೆ ಹೊರಟಿರುತ್ತವೆ. ಬುಧವಾರ ಬೆಳಿಗ್ಗೆ ಎರಡೂ ಕಾಲು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಉರುಳಿಸಿದ ಬಲ ತೊಡೆಯ ಗಾಯ ನಿಜವಾಗಿ ವಾಸಿಯಾಗಿದ್ದರೆ ಅದರ ನೋವು ಎರಡು ಗಂಟೆಯಲ್ಲಿ ಮರಳಿ ಬರುತ್ತಿರಲಿಲ್ಲ.

ಅಂಕಗಳು ಒಬ್ಬೊಬ್ಬರಿಗೆ ಒಂದೊಂದು ಥರ ಬರುತ್ತವೆ, ಕೆಲವರಿಗೆ ಏನೂ ಇಳಿಯದೆಯೂ ಇರಬಹುದು. ಮೂರು ನಿಮಿಷ ಉರುಳಿಯೂ ಒಂದು ಅಂಕ ಕೂಡ ಇಳಿಯದಿದ್ದರೆ ಇನ್ನರ್ಧ ಗಂಟೆ ಉರುಳಿ ಫಲವಿಲ್ಲ. ಆ ಹೊತ್ತಿಗೆ ನಿಧಾನ ನಡಿಗೆಯೋ ಸೈಕಲ್ಲೋ ಒಳ್ಳೆಯದು. ಅದರಿಂದಲೂ ನೋವು ತಾತ್ಕಾಲಿಕವಾಗಿ ಇಳಿಯುತ್ತದೆ.

ಎಷ್ಟು ದೊಡ್ಡ ಪರಿಣಾಮ?

ಫೋಮ್ ರೋಲಿಂಗ್ ಕುರಿತ 21 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಒಂದು ವಿಶ್ಲೇಷಣೆ ಬಂತು. ವ್ಯಾಯಾಮದ ನಂತರ ಉರುಳಿಸಿದವರಲ್ಲಿ ನೋವಿನ ಅನುಭವ ಸರಾಸರಿ ಶೇ. 6ರಷ್ಟು ಕಡಿಮೆ ಇತ್ತು. ವೇಗ ಮತ್ತು ಬಲ ಮರಳುವುದರಲ್ಲಿ ಶೇ. 3-4ರಷ್ಟು ಲಾಭ ಕಂಡಿತು. ವ್ಯಾಯಾಮಕ್ಕೆ ಮುಂಚೆ ಉರುಳಿಸಿದರೆ ದೇಹ ಬಾಗುವುದು ಶೇ. 4ರಷ್ಟು ಸುಧಾರಿಸಿತು. ಒಟ್ಟಾರೆ ಪರಿಣಾಮ ಚಿಕ್ಕದು, ಕೆಲವು ವಿಷಯಗಳಲ್ಲಿ ಲೆಕ್ಕಕ್ಕೇ ಬಾರದಷ್ಟು ಎಂದು ವಿಶ್ಲೇಷಿಸಿದವರೇ ಬರೆದರು.

ಈ ಚಿಕ್ಕ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಮಾತ್ರೆಯ ಪರೀಕ್ಷೆಯಲ್ಲಿ ಒಬ್ಬರಿಗೆ ನಿಜವಾದ ಮಾತ್ರೆ, ಇನ್ನೊಬ್ಬರಿಗೆ ಸಕ್ಕರೆ ಗುಳಿಗೆ ಕೊಟ್ಟು ಯಾವುದೆಂದು ಗೊತ್ತಾಗದಂತೆ ಮಾಡಬಹುದು. ರೋಲರ್ ಮೇಲೆ ಉರುಳಿದವರಿಗೆ ತಾವು ಉರುಳಿದ್ದು ಗೊತ್ತೇ ಇರುತ್ತದೆ. ಇದು ಒಳ್ಳೆಯದು ಎಂಬ ನಂಬಿಕೆಯಿಂದಲೇ ನೋವಿನ ಅಂಕ ಸ್ವಲ್ಪ ಇಳಿಯುತ್ತದೆ. ಆ ಪಾಲು ಎಷ್ಟು, ರೋಲರ್‌ನ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಅವಧಿಯ ಬಗ್ಗೆ ಮಾತ್ರ ಒಂದು ಉಪಯುಕ್ತ ಅಳತೆ ಸಿಕ್ಕಿದೆ. ನೋವು ಇಳಿಯಲು ಒಂದು ಸ್ನಾಯುಗುಂಪಿಗೆ ಕಡಿಮೆಯೆಂದರೆ 90 ಸೆಕೆಂಡು ಬೇಕು ಎಂದು 2019ರದೇ ಇನ್ನೊಂದು ಪರಿಶೀಲನೆ ಹೇಳಿತು. ಹೆಚ್ಚು ಒತ್ತಿದರೆ ಹೆಚ್ಚು ಲಾಭ ಎಂಬುದೂ ನಿಜವಲ್ಲ. ತೊಡೆಯ ಮೇಲೆ ಬೇರೆ ಬೇರೆ ಬಲದಲ್ಲಿ ಉರುಳಿಸಿ ನೋಡಿದ ಪ್ರಯೋಗದಲ್ಲಿ ಮೃದುವಾಗಿ ಒತ್ತಿದಾಗಲೂ ಕಾಲು ಬಾಗುವುದು ಅಷ್ಟೇ ಸುಧಾರಿಸಿತು. ಕಣ್ಣೀರು ಬರುವಷ್ಟು ಒತ್ತಿಕೊಳ್ಳಬೇಕಾಗಿಲ್ಲ. ಹಿತವಾದ ನೋವು ಎನ್ನುತ್ತೇವಲ್ಲ, ಅಷ್ಟು ಸಾಕು. ಉಸಿರು ಬಿಗಿಹಿಡಿಯುವಂತಾದರೆ ಒತ್ತಡ ಜಾಸ್ತಿಯಾಯಿತೆಂದೇ ತಿಳಿಯಿರಿ.

ಮಸಾಜ್ ಗನ್ ಬೇರೆ ಏನಾದರೂ ಮಾಡುತ್ತದೆಯೇ?

ಗನ್‌ನ ತಲೆ ಹಿಂದೆಮುಂದೆ ಹೋಗುವ ದೂರ ಸಾಮಾನ್ಯವಾಗಿ 10ರಿಂದ 16 ಮಿಲಿಮೀಟರ್, ಬಡಿತ ಸೆಕೆಂಡಿಗೆ 30ರಿಂದ 50. ಇದರಿಂದ ಆಳದ ಸ್ನಾಯುವಿಗೆ ಏನೋ ವಿಶೇಷ ನಡೆಯುತ್ತದೆ ಎಂಬ ಭಾವನೆ ಬರುವುದು ಸಹಜ. 2020ರ ಒಂದು ಪ್ರಯೋಗದಲ್ಲಿ 16 ಗಂಡಸರ ಮೀನಖಂಡಕ್ಕೆ ಐದು ನಿಮಿಷ ಗನ್ ಹಿಡಿದರು. ಪಾದ ಮೇಲಕ್ಕೆ ಬಾಗುವ ಕೋನ ಸುಮಾರು 5 ಡಿಗ್ರಿ ಹೆಚ್ಚಿತು, ಸ್ನಾಯುವಿನ ಬಲ ಹೆಚ್ಚಲಿಲ್ಲ, ಕುಂದಲೂ ಇಲ್ಲ. ರೋಲರ್‌ನಲ್ಲಿ ಕಂಡ ಚಿತ್ರವೇ ಇದು. ಗನ್‌ನ ನಿಜವಾದ ಅನುಕೂಲ ಬೇರೆ. ನೆಲದ ಮೇಲೆ ಮೈ ಭಾರ ಹೊರಬೇಕಾಗಿಲ್ಲ, ಪೃಷ್ಠದ ಬದಿ, ಮೀನಖಂಡದ ಒಳಮಗ್ಗುಲಂಥ ರೋಲರ್‌ಗೆ ಸರಿಯಾಗಿ ಸಿಗದ ಜಾಗಗಳನ್ನು ತಲುಪಬಹುದು.

ಅಪಾಯವೂ ಅಲ್ಲೇ ಇದೆ. ರೋಲರ್‌ನಲ್ಲಿ ಕೈ ಸೋತು ನಾವೇ ನಿಲ್ಲಿಸುತ್ತೇವೆ, ಗನ್‌ಗೆ ದಣಿವಿಲ್ಲ. ಸೈಕಲ್ ತುಳಿದು ತೊಡೆ ನೋಯುತ್ತಿದ್ದ ಯುವತಿಯೊಬ್ಬರು ಮಸಾಜ್ ಗನ್ ಬಳಸಿದ ಬಳಿಕ ಸ್ನಾಯು ತೀವ್ರವಾಗಿ ಹಾನಿಗೊಂಡು ಆಸ್ಪತ್ರೆ ಸೇರಿದ ಪ್ರಕರಣ 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಹೀಗೆ ಒಡೆದ ಸ್ನಾಯುವಿನ ಪದಾರ್ಥ ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೆ ಹೊಡೆತ. ಇಂಥದ್ದು ಅಪರೂಪ. ಆದರೂ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ನೋವಿನ ಜೊತೆ ಸ್ನಾಯು ಊದಿಕೊಂಡು ವಿಪರೀತ ಬಲಹೀನವಾದರೆ ಅಂದೇ ವೈದ್ಯರನ್ನು ಕಾಣಬೇಕು. ನೋಯುವ ಸ್ನಾಯುವಿಗೆ ಮೃದು ತಲೆ, ಕಡಿಮೆ ವೇಗ, ಒಂದು ಜಾಗದಲ್ಲಿ ನಿಲ್ಲಿಸದೆ ಒಂದೆರಡು ನಿಮಿಷ ಆಡಿಸುವುದು ಸಾಕು. ಗನ್‌ನ ತೂಕಕ್ಕಿಂತ ಹೆಚ್ಚು ಒತ್ತಬೇಡಿ. ಮೂಳೆಯ ಮೇಲೆ, ಮಂಡಿಯ ಹಿಂದಿನ ಗುಳಿಯಲ್ಲಿ, ತೊಡೆಸಂದಿಯಲ್ಲಿ ಹಿಡಿಯಬೇಡಿ. ಕುತ್ತಿಗೆಗೆ ಗನ್ ಬೇಡವೇ ಬೇಡ. ಮಿದುಳಿಗೆ ಹೋಗುವ ರಕ್ತನಾಳ ಅಲ್ಲಿ ಸೀಳಿದ ಉದಾಹರಣೆಗಳಿವೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ನೋವು ಇಳಿಯಿತು, ಓಡಬಹುದೇ?

ಓಟಗಾರರು ಎಡವುವುದು ಇಲ್ಲಿ. ಇಳಿಜಾರಿನ ಓಟದಿಂದ ಸ್ನಾಯುವಿನ ಬಲ ಓಡಿದ ಕೂಡಲೇ ಕುಂದುತ್ತದೆ, ನೋವು ಇನ್ನೂ ಶುರುವಾಗುವ ಮೊದಲೇ. ಆಮೇಲೆ ದಿನಗಳ ಮೇಲೆ ನಿಧಾನ ಮರಳುತ್ತದೆ. ನೋವಿನ ಏರಿಳಿತ ಬೇರೆ, ಬಲದ ಏರಿಳಿತ ಬೇರೆ. ಹೆಚ್ಚು ನೋಯುವವರಲ್ಲಿ ಹೆಚ್ಚು ಹಾನಿಯಾಗಿರುತ್ತದೆ ಎಂದೂ ಇಲ್ಲ. ರೋಲರ್ ನೋವನ್ನು ತಗ್ಗಿಸುತ್ತದೆ, ಬಲವನ್ನು ಅಷ್ಟಾಗಿ ಮರಳಿಸುವುದಿಲ್ಲ. ಹಾಗಾಗಿ ಉರುಳಿಸಿದ ಮೇಲೆ ಕಾಲು ಹಗುರ ಎನಿಸಿದ್ದನ್ನು ನೆಚ್ಚಿ ಜೋರು ಓಟಕ್ಕೆ ಇಳಿದರೆ, ಪೂರ್ತಿ ಬಲವಿಲ್ಲದ ಸ್ನಾಯುವಿಗೆ ಪೂರ್ತಿ ಭಾರ ಹೊರಿಸಿದಂತೆ.

ನಿರ್ಧರಿಸಲು ಬಲವನ್ನೇ ಅಳೆಯಿರಿ. ಮೀನಖಂಡಕ್ಕಾದರೆ ಗೋಡೆಗೆ ಬೆರಳು ತಾಗಿಸಿ ಒಂಟಿಗಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಚೆನ್ನಾಗಿರುವ ದಿನ 25 ಸಲ ಮಾಡುವವರು ಇವತ್ತು 16ಕ್ಕೇ ನಿಂತರೆ, ಉರುಳಿಸಿದ ಮೇಲೂ ಎಣಿಕೆ 17-18ರಲ್ಲೇ ಇದ್ದರೆ, ಇವತ್ತು ವೇಗದ ಓಟ ಬೇಡ. ತೊಡೆಗೆ ಹೀಗೆಯೇ ಒಂಟಿಗಾಲಲ್ಲಿ ಕುರ್ಚಿಯಿಂದ ಏಳುವುದನ್ನು ಎಣಿಸಬಹುದು. ಎಣಿಕೆ ಎಂದಿನದರ ಹತ್ತಿರ ಬಂದ ದಿನ ಸ್ವಲ್ಪ ನೋವು ಉಳಿದಿದ್ದರೂ ಓಡಲು ಅಡ್ಡಿಯಿಲ್ಲ. ಆ ಉಳಿದ ನೋವಿಗೆ ಓಟಕ್ಕೆ ಮುಂಚೆ ಒಂದೆರಡು ನಿಮಿಷ ರೋಲರ್ ಆಡಿಸಿದರೆ ಮೊದಲ ಕಿಲೋಮೀಟರಿನ ಬಿಗಿತ ತಗ್ಗುತ್ತದೆ. ಇದರಿಂದ ಬಲ ಕುಂದುವುದಿಲ್ಲ. ಬಹಳ ಹೊತ್ತು ಎಳೆದು ಹಿಡಿದು ಮಾಡುವ ಸ್ಟ್ರೆಚಿಂಗ್‌ಗೆ ಹೋಲಿಸಿದರೆ ರೋಲರ್‌ನ ಒಂದು ಒಳ್ಳೆಯ ಗುಣ ಇದು.

ಇಷ್ಟೆಲ್ಲ ಹೇಳಿದ್ದು ಓಟದ ನಂತರದ ಸಾಮಾನ್ಯ ಸ್ನಾಯುನೋವಿಗೆ. ಓಡುತ್ತಿರುವಾಗಲೇ ಫಟ್ಟನೆ ಹಿಡಿದುಕೊಂಡ ನೋವು ಸ್ನಾಯು ಹರಿದದ್ದಿರಬಹುದು, ಮೊದಲ ಕೆಲವು ದಿನ ಅದನ್ನು ಉಜ್ಜಬಾರದು. ಮೊಣಕಾಲಿನ ಕೆಳಗಿನ ಮುಂಬದಿಯ ಮೂಳೆಯ ಮೇಲೆ ಒಂದೇ ಬೆರಳಿನಷ್ಟು ಜಾಗ ನೋಯುತ್ತಿದ್ದು, ಓಡಿದಷ್ಟೂ ಹೆಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಮೂಳೆಯಲ್ಲೇ ಬಿರುಕು ಇರಬಹುದು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಬಣ್ಣ ಬದಲಾಗಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಅದನ್ನು ಒತ್ತುವುದು ಪ್ರಾಣಾಪಾಯ. ಎರಡೂ ಕಾಲಲ್ಲಿ ಹರಡಿಕೊಂಡ ನೋವು, ದಿನೇ ದಿನೇ ಇಳಿಯುತ್ತಿರುವ ನೋವು ರೋಲರ್‌ಗೆ ತಕ್ಕದ್ದು. ಒಂದೇ ಕಾಲಿನ, ಒಂದೇ ಬಿಂದುವಿನ, ವಾರ ಕಳೆದರೂ ಇಳಿಯದ ನೋವನ್ನು ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ.

ನೋವೇ ಕಡಿಮೆ ಬರುವಂತೆ ಮಾಡಬೇಕೆಂದರೆ ರೋಲರ್‌ಗಿಂತ ಬಲವಾದ ಉಪಾಯ ಒಂದಿದೆ. 1985ರ ಒಂದು ಅಧ್ಯಯನದಲ್ಲಿ 30 ನಿಮಿಷ ಇಳಿಜಾರಿನಲ್ಲಿ ಓಡಿದವರನ್ನು ವಾರಗಳ ನಂತರ ಮತ್ತೆ ಹಾಗೆಯೇ ಓಡಿಸಿದರು. ಮೂರು ಅಥವಾ ಆರು ವಾರ ಬಿಟ್ಟು ಓಡಿದವರಿಗೆ ಎರಡನೇ ಸಲ ನೋವು ಸ್ಪಷ್ಟವಾಗಿ ಕಡಿಮೆ ಇತ್ತು. ಒಂಬತ್ತು ವಾರ ಬಿಟ್ಟವರಿಗೆ ಆ ರಕ್ಷಣೆ ಉಳಿದಿರಲಿಲ್ಲ. ಒಂದೇ ಓಟ ಸ್ನಾಯುವನ್ನು ಅಷ್ಟು ಕಾಲ ಹದಗೊಳಿಸಿತ್ತು. ಇಳಿಜಾರು ಹೆಚ್ಚಿರುವ ರೇಸ್ ಮುಂದಿದ್ದರೆ, ಅದಕ್ಕೆ ಮೂರ್ನಾಲ್ಕು ವಾರ ಮುಂಚೆ ಒಂದು ಸುಲಭ ಓಟದ ಕೊನೆಗೆ ಹತ್ತು ಹದಿನೈದು ನಿಮಿಷ ಇಳಿಜಾರು ಸೇರಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ, ತುಸು ಉದ್ದಕ್ಕೆ. ಮೊದಲ ಸಲ ತೊಡೆ ನೋಯುತ್ತದೆ, ಆಗ ರೋಲರ್ ಹಿಡಿದುಕೊಳ್ಳಿ. ಎರಡನೇ ಸಲ ಅದರ ನೆನಪು ಅಷ್ಟಾಗಿ ಬರುವುದಿಲ್ಲ.